ಎರಡು ಬಟ್ಟಲು ಅನ್ನ ಅಂದರೆ ಎಷ್ಟು?

ಹೋದ ತಿಂಗಳು ವಿಜಯನಗರದ ನಮ್ಮ ಚಿಕ್ಕಮ್ಮನ ಮನೆಗೆ ಹೋಗಿದ್ದೆ. ಬಾಗಿಲು ತೆಗೆದ ಚಿಕ್ಕಪ್ಪ, ಚಪ್ಪಲಿ ಬಿಡುವುದಕ್ಕೂ ಬಿಡದೆ ಕೈಯಲ್ಲಿದ್ದ ಕಾಗದವನ್ನೂ ಫೋನನ್ನೂ ಒಟ್ಟಿಗೆ ನನ್ನ ಮುಂದೆ ಹಿಡಿದರು. "ನೀನು ಇದೇ ಕೆಲಸ ಮಾಡೋಳಲ್ವಾ, ಹೇಳಮ್ಮ. ಇದರಲ್ಲಿ ಯಾವುದು ನಿಜ?"

ಕಾಗದ ಅವರಿಗೆ ಒಂದು ಕ್ಲಿನಿಕ್‌ನಲ್ಲಿ ಕೊಟ್ಟ ಊಟದ ಪಟ್ಟಿ. ಅದರಲ್ಲಿ ಮಧ್ಯಾಹ್ನಕ್ಕೆ ಅನ್ನ 2 ಬಟ್ಟಲು, ಸಾಂಬಾರ್ ಒಂದೂವರೆ, ತರಕಾರಿ 1, ಮೊಸರು 1, ಒಟ್ಟು 525 ಕ್ಯಾಲೊರಿ ಎಂದಿತ್ತು. ಚಿಕ್ಕಪ್ಪ ಅಷ್ಟೇ ಬಟ್ಟಲು ಲೆಕ್ಕ ಹಾಕಿ ತಿಂದಿದ್ದರು. ಆಮೇಲೆ ಸುಮ್ನೆ ಇರಲಾರದೆ ಅನ್ನವನ್ನು ತೂಕ ಮಾಡಿ ಫೋನಿನ ಆಪ್‌ಗೆ ಹಾಕಿದ್ದಾರೆ. ಅದು 1540 ಅಂದಿತು. ತಟ್ಟೆ ಒಂದೇ, ಊಟ ಒಂದೇ. ಒಂದು ಲೆಕ್ಕ ಇನ್ನೊಂದರ ಸುಮಾರು ಮೂರು ಪಟ್ಟು.

ಎರಡೂ ತಪ್ಪು ಅಂತ ನನಗೆ ಅನ್ನಿಸಿತು. ಆದರೆ ಎಲ್ಲಿ ತಪ್ಪಿದೆ, ಎಷ್ಟು ತಪ್ಪಿದೆ ಅಂತ ಹೇಳಬೇಕಾದರೆ ಅಡುಗೆಮನೆಗೇ ಹೋಗಬೇಕು. ಮರುದಿನ ಭಾನುವಾರ. ಚಿಕ್ಕಮ್ಮ ಅಕ್ಕಿ ತೊಳೆಯುವ ಹೊತ್ತಿಗೆ ನಾನು ತಕ್ಕಡಿ ಹಿಡಿದು ಪಕ್ಕದಲ್ಲಿ ನಿಂತೆ.

ಬಟ್ಟಲನ್ನೇ ಮೊದಲು ಅಳೆಯಬೇಕು

ಊಟದ ಪಟ್ಟಿಗಳಲ್ಲಿ ಬರುವ "1 ಬಟ್ಟಲು" ಅಥವಾ "1 ಕಟೋರಿ" ಒಂದು ಗಟ್ಟಿಯಾದ ಅಳತೆ ಅಲ್ಲ. ಕೆಲವರು 150 ಮಿಲಿ ಅಂದುಕೊಂಡು ಬರೆಯುತ್ತಾರೆ, ಕೆಲವರು 200 ಮಿಲಿ. ಮನೆಯಲ್ಲಿ ನೋಡಿದರೆ ಪಾಯಸದ ಪುಟ್ಟ ಬಟ್ಟಲಿಂದ ಹಿಡಿದು, ಗೃಹಪ್ರವೇಶಕ್ಕೆ ಉಡುಗೊರೆಯಾಗಿ ಬಂದ ದೊಡ್ಡ ಬಟ್ಟಲಿನ ತನಕ ನಾಲ್ಕು ಸೈಜು ಇರುತ್ತವೆ. ಹಾಗಾಗಿ ಮೊದಲ ಕೆಲಸ, ಒಂದು ಬಟ್ಟಲನ್ನು ಆರಿಸಿ ಅದರಲ್ಲಿ ಎಷ್ಟು ಹಿಡಿಯುತ್ತದೆ ಅಂತ ತಿಳಿದುಕೊಳ್ಳುವುದು.

ತಕ್ಕಡಿ ಇದ್ದರೆ ಸುಲಭ. ಖಾಲಿ ಬಟ್ಟಲನ್ನು ಇಟ್ಟು ಸೊನ್ನೆ ಮಾಡಿ, ಅಂಚಿನವರೆಗೆ ನೀರು ತುಂಬಿಸಿ. 1 ಗ್ರಾಂ ನೀರು ಅಂದರೆ 1 ಮಿಲಿ. ತಕ್ಕಡಿ ಇಲ್ಲದಿದ್ದರೂ ಬೆಂಗಳೂರಿನ ಮನೆಗೆ ಬೆಳಗ್ಗೆ ಬೆಳಗ್ಗೆ ಒಂದು ಅಳತೆ ತಾನಾಗಿಯೇ ಬಂದು ಬೀಳುತ್ತದೆ: ಅರ್ಧ ಲೀಟರ್ ಹಾಲಿನ ಪ್ಯಾಕೆಟ್. ಅದನ್ನು ಬಟ್ಟಲಿಗೆ ಸುರಿಯುತ್ತಾ ಹೋಗಿ. ಮೂರು ಬಟ್ಟಲು ತುಂಬಿ ನಾಲ್ಕನೆಯದು ಮೂರನೇ ಒಂದು ಭಾಗ ಆದರೆ ಆ ಬಟ್ಟಲು 150 ಮಿಲಿ. ಎರಡು ತುಂಬಿ ಮೂರನೆಯದು ಅರ್ಧ ಆದರೆ 200 ಮಿಲಿ.

ಚಿಕ್ಕಮ್ಮನ ಮನೆಯ ಹಳೆಯ ಸ್ಟೀಲ್ ಬಟ್ಟಲು ಸರಿಯಾಗಿ 150 ಮಿಲಿ ಬಂತು. ಕೆಳಗೆ ನಾನು ಬಟ್ಟಲು ಅಂದಾಗಲೆಲ್ಲ ಅದೇ ಬಟ್ಟಲು. ನಿಮ್ಮದು 200 ಮಿಲಿ ಆಗಿದ್ದರೆ ಒಂದು ಬಟ್ಟಲಿನ ಲೆಕ್ಕಕ್ಕೆಲ್ಲ ಮೂರನೇ ಒಂದು ಭಾಗ ಸೇರಿಸಿಕೊಳ್ಳಿ.

ಚಮಚಕ್ಕೂ ಇದೇ ಕಥೆ. ಟೀ ಚಮಚ ಅಂದರೆ 5 ಮಿಲಿ ಅಂತ ಲೆಕ್ಕ, ಆದರೆ ಮನೆಯ ಚಮಚ ಲೆಕ್ಕಕ್ಕೆ ತಲೆಬಾಗಬೇಕಲ್ಲ. ಕೆಮ್ಮಿನ ಸಿರಪ್ ಜೊತೆ ಬರುವ ಪ್ಲಾಸ್ಟಿಕ್ ಮುಚ್ಚಳದಲ್ಲಿ 5 ಮಿಲಿ ಗೆರೆ ಇರುತ್ತದೆ. ಅದನ್ನು ತೊಳೆದಿಟ್ಟುಕೊಂಡರೆ ಎಣ್ಣೆ, ತುಪ್ಪಕ್ಕೆ ಅದಕ್ಕಿಂತ ಒಳ್ಳೆಯ ಅಳತೆ ಬೇಡ.

ಇನ್ನು ಲೆಕ್ಕದ ದಾರಿ. ಇದು ಒಂದೇ ಮಾತಿನಲ್ಲಿ ಹೇಳುವಷ್ಟು ಸರಳ: ಪಾತ್ರೆಗೆ ಹೋದದ್ದನ್ನು ಹಸಿಯಾಗಿರುವಾಗಲೇ ತೂಕ ಮಾಡಿ, ಒಟ್ಟು ಕ್ಯಾಲೊರಿ ಹಾಕಿ, ಬೆಂದ ಮೇಲೆ ಅದು ಎಷ್ಟು ಬಟ್ಟಲು ಆಯಿತು ಅಂತ ನೋಡಿ ಭಾಗಿಸಿ. ನೀರಿಗೆ ಕ್ಯಾಲೊರಿ ಇಲ್ಲ. ಕುದಿಯುವಾಗ ಎಷ್ಟು ನೀರು ಸೇರಿತು, ಎಷ್ಟು ಆವಿಯಾಯಿತು ಅನ್ನುವುದು ಪಾತ್ರೆಯ ಒಟ್ಟು ಲೆಕ್ಕವನ್ನು ಬದಲಿಸುವುದಿಲ್ಲ. ಒಂದೊಂದು ಬಟ್ಟಲಿಗೆ ಎಷ್ಟೆಷ್ಟು ಹಂಚಿಹೋಗುತ್ತದೆ ಅನ್ನುವುದನ್ನು ಮಾತ್ರ ಬದಲಿಸುತ್ತದೆ. ಹಸಿ ಪದಾರ್ಥಗಳ ಲೆಕ್ಕಕ್ಕೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಕೋಷ್ಟಕಗಳಿವೆ. ನಾನು ಅಕ್ಕಿ, ಬೇಳೆ, ತೆಂಗಿನಕಾಯಿಗೆ ಅದನ್ನೇ ಬಳಸುತ್ತೇನೆ.

ಅಕ್ಕಿ ಬೇರೆ, ಅನ್ನ ಬೇರೆ

ಚಿಕ್ಕಮ್ಮ ನಾಲ್ಕು ಜನರ ಊಟಕ್ಕೆ 2 ಪಾವು ಸೋನಾ ಮಸೂರಿ ಹಾಕುತ್ತಾರೆ. ಅವರ ಪಾವನ್ನು ತೂಕಕ್ಕಿಟ್ಟಾಗ 200 ಗ್ರಾಂ ಬಂತು. ಅಂದರೆ 400 ಗ್ರಾಂ ಅಕ್ಕಿ. ಪಾಲಿಶ್ ಮಾಡಿದ ಅಕ್ಕಿಯಲ್ಲಿ 100 ಗ್ರಾಂಗೆ 356 ಕ್ಯಾಲೊರಿ. ಹಾಗಾಗಿ ಕುಕ್ಕರಿನೊಳಗೆ ಹೋದದ್ದು 1424.

ಕುಕ್ಕರ್ ಕೂಗಿ, ಆವಿ ಇಳಿದ ಮೇಲೆ ಅನ್ನವನ್ನು ತೂಕ ಮಾಡಿದೆವು. 1120 ಗ್ರಾಂ. ಅಕ್ಕಿ ತನ್ನ ತೂಕಕ್ಕಿಂತ ಜಾಸ್ತಿ ನೀರು ಕುಡಿದು 2.8 ಪಟ್ಟು ಆಗಿತ್ತು. ಈಗ 1424 ಕ್ಯಾಲೊರಿ 1120 ಗ್ರಾಂನಲ್ಲಿ ಹರಡಿಕೊಂಡಿದೆ. 100 ಗ್ರಾಂ ಅನ್ನಕ್ಕೆ ಸುಮಾರು 127.

ಆಪಿನ 1540ರ ಗುಟ್ಟು ಇಲ್ಲೇ ಸಿಕ್ಕಿತು. ಚಿಕ್ಕಪ್ಪ ತಟ್ಟೆಯ ಅನ್ನವನ್ನು ತೂಕ ಮಾಡಿದಾಗ 330 ಗ್ರಾಂ ಇತ್ತಂತೆ. ಆಪಿನಲ್ಲಿ `Rice` ಅಂತ ಹುಡುಕಿ, ಮೊದಲು ಕಂಡದ್ದನ್ನು ಒತ್ತಿದ್ದಾರೆ. ಅದು `Rice, raw`. ಅವರು ತಿಂದದ್ದು `Rice, cooked`. 330 ಗ್ರಾಂ ಅಕ್ಕಿ ಅಂದರೆ 1175 ಕ್ಯಾಲೊರಿ, 330 ಗ್ರಾಂ ಅನ್ನ ಅಂದರೆ 420. ಒಂದೇ ಒಂದು ಸಾಲು ತಪ್ಪಿ ಒತ್ತಿದ್ದಕ್ಕೆ 755 ಕ್ಯಾಲೊರಿ ಗಾಳಿಯಿಂದ ಬಂದು ತಟ್ಟೆಯಲ್ಲಿ ಕೂತುಬಿಟ್ಟಿತು.

ಇದರಲ್ಲಿ ನನಗೊಂದು ತಮಾಷೆ ಕಾಣುತ್ತದೆ. ಕನ್ನಡದಲ್ಲಿ ಈ ತಪ್ಪು ಮಾಡುವುದೇ ಕಷ್ಟ. ಅಂಗಡಿಯಲ್ಲಿ ಅಕ್ಕಿ ಕೊಳ್ಳುತ್ತೇವೆ, ತಟ್ಟೆಯಲ್ಲಿ ಅನ್ನ ಉಣ್ಣುತ್ತೇವೆ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಹೆಸರು. ನನ್ನ ಹತ್ತಿರ ಬರುವವರ ಲೆಕ್ಕಗಳಲ್ಲಿ ಅತಿ ದೊಡ್ಡ ತಪ್ಪು ಬರುವುದು ಈ ಒಂದು ಪದದಿಂದ. ನಿಮ್ಮ ಆಪ್ 100 ಗ್ರಾಂ ಅನ್ನಕ್ಕೆ 340, 350, 360 ಹೀಗೆ ತೋರಿಸಿದರೆ ಅದು ಅಕ್ಕಿಯ ಲೆಕ್ಕ. 110ರಿಂದ 130ರ ಆಸುಪಾಸಿನಲ್ಲಿದ್ದರೆ ಅನ್ನದ್ದು.

ಈಗ ಬಟ್ಟಲಿಗೆ ಬರೋಣ. ಅನ್ನವನ್ನು ಉದುರುದುರಾಗಿ ಬಟ್ಟಲಿಗೆ ಹಾಕಿ, ಚಮಚದ ಹಿಡಿಯಿಂದ ಅಂಚಿಗೆ ಸಮ ಮಾಡಿ ತೂಕ ಮಾಡಿದರೆ 110 ಗ್ರಾಂ. ಅಂದರೆ 140 ಕ್ಯಾಲೊರಿ. ಪಟ್ಟಿ ಬರೆದವರ ಮನಸ್ಸಿನಲ್ಲಿ ಇದ್ದದ್ದೂ ಇದೇ ಇರಬೇಕು, ಯಾಕೆಂದರೆ ಎರಡು ಬಟ್ಟಲಿಗೆ ಅವರು 280 ಬರೆದಿದ್ದರು.

"ಹಾಗಾದರೆ ನಾನು ತಿಂದದ್ದು ಎರಡು ಬಟ್ಟಲೇ ಅಲ್ವಾ?" ಅಂದರು ಚಿಕ್ಕಪ್ಪ.

"ದಿನಾ ಹೇಗೆ ಹಾಕಿಕೊಳ್ತೀರೋ ಹಾಗೇ ಹಾಕಿ ಚಿಕ್ಕಪ್ಪ" ಅಂದೆ.

ಅವರು ಬಟ್ಟಲು ತೆಗೆದುಕೊಂಡರು. ತುಂಬ ಅನ್ನ ಹಾಕಿದರು. ಸೌಟಿನ ಹಿಂಭಾಗದಿಂದ ಒಂದು ಸಲ ಮೆಲ್ಲಗೆ ಅದುಮಿದರು. ಮೇಲೆ ಇನ್ನೊಂದು ಸೌಟು ಹಾಕಿ, ಗೋಪುರವನ್ನು ಸ್ವಲ್ಪ ತಟ್ಟಿ ನಿಲ್ಲಿಸಿದರು. ಇಷ್ಟೆಲ್ಲ ಮಾಡುವಾಗ ಅವರ ಮುಖದಲ್ಲಿ ಒಂದು ಚೂರೂ ಕಳ್ಳತನ ಇರಲಿಲ್ಲ, ನಿಜವಾಗಿಯೂ ಅವರಿಗೆ ಅದು ಒಂದು ಬಟ್ಟಲೇ. ತಕ್ಕಡಿ 165 ಅಂತ ತೋರಿಸಿತು. ಸಮ ಮಾಡಿದ ಒಂದೂವರೆ ಬಟ್ಟಲು! ಎರಡು ಸಲ ಹಾಗೆ ಹಾಕಿದರೆ 330 ಗ್ರಾಂ, 420 ಕ್ಯಾಲೊರಿ. ಪಟ್ಟಿಗೂ ತಟ್ಟೆಗೂ ಅನ್ನದಲ್ಲೇ 140ರ ವ್ಯತ್ಯಾಸ.

ಚಿಕ್ಕಮ್ಮ ಪಕ್ಕದಿಂದ, "ಅದಕ್ಕೇ ನಾನು ಹೇಳೋದು, ಅಂಗಡಿಯವನಿಗಿಂತ ಇವರೇ ವಾಸಿ, ತುಂಬಿಸಿ ಅಳೀತಾರೆ" ಅಂದರು.

ಅನ್ನ ಗಟ್ಟಿಯಾಗಿದ್ದರೆ, ಮೆತ್ತಗಿದ್ದರೆ ಏನಾಗುತ್ತದೆ ಅಂತ ಹಲವರು ಕೇಳುತ್ತಾರೆ. ಅದೇ 400 ಗ್ರಾಂ ಅಕ್ಕಿಗೆ ನೀರು ಜಾಸ್ತಿ ಹಾಕಿ 1280 ಗ್ರಾಂ ಅನ್ನ ಮಾಡಿದರೆ 100 ಗ್ರಾಂಗೆ 111 ಕ್ಯಾಲೊರಿ ಬರುತ್ತದೆ. ತೂಕದ ಲೆಕ್ಕದಲ್ಲಿ ಕಡಿಮೆ. ಆದರೆ ಮೆತ್ತನೆಯ ಅನ್ನ ಬಟ್ಟಲಿನಲ್ಲಿ ಸಂದು ಬಿಡದೆ ಕೂರುತ್ತದೆ, ಹಾಗಾಗಿ ಅದೇ ಬಟ್ಟಲಿನಲ್ಲಿ ಸ್ವಲ್ಪ ಹೆಚ್ಚು ತೂಕ ಹಿಡಿಯುತ್ತದೆ. ಒಂದು ಕಡೆ ಇಳಿದದ್ದು ಇನ್ನೊಂದು ಕಡೆ ಏರುತ್ತದೆ. ಬಟ್ಟಲಿನಲ್ಲಿ ಅಳೆಯುವವರಿಗೆ ಮೆತ್ತಗೋ ಉದುರೋ ಅನ್ನುವುದಕ್ಕಿಂತ ಅಂಚಿಗೆ ಸಮವೋ ಗೋಪುರವೋ ಅನ್ನುವುದೇ ಮುಖ್ಯ. ಗಂಜಿ ಬಸಿಯುವ ಮನೆಗಳಲ್ಲಿ ಮಾತ್ರ ಸ್ವಲ್ಪ ಪಿಷ್ಟ ಗಂಜಿಯ ಜೊತೆ ಹೊರಗೆ ಹೋಗುತ್ತದೆ, ಆ ಗಂಜಿಯನ್ನು ಬೇರೆ ಯಾರೂ ಕುಡಿಯದಿದ್ದರೆ.

ಸಾಂಬಾರ್: ಭಯಪಡುವಷ್ಟು ಏನಿಲ್ಲ

ಸಾಂಬಾರನ್ನು ಬಟ್ಟಲಿನಿಂದ ಅಂದಾಜು ಮಾಡುವುದು ಅಸಾಧ್ಯ ಅಂತ ಜನ ಅಂದುಕೊಳ್ಳುತ್ತಾರೆ. ಅಷ್ಟೊಂದು ಸಾಮಾನು ಹೋಗುತ್ತದಲ್ಲ! ಆದರೆ ಪಾತ್ರೆಯ ಲೆಕ್ಕಕ್ಕೆ ಅದು ತೊಂದರೆಯೇ ಅಲ್ಲ. ಭಾನುವಾರ ಚಿಕ್ಕಮ್ಮ ಹಾಕಿದ ತೊಗರಿಬೇಳೆ 100 ಗ್ರಾಂ, ನಮ್ಮ ಬಟ್ಟಲಿನಲ್ಲಿ ಮುಕ್ಕಾಲು. ಅದಕ್ಕೆ 330 ಕ್ಯಾಲೊರಿ. ನುಗ್ಗೆಕಾಯಿ, ಕ್ಯಾರೆಟ್, ಬದನೆಕಾಯಿ, ಟೊಮೆಟೊ ಸೇರಿ 300 ಗ್ರಾಂ, ಅದಕ್ಕೆ ಹೆಚ್ಚೆಂದರೆ 90. ರುಬ್ಬಿದ ತೆಂಗಿನ ತುರಿ 40 ಗ್ರಾಂ, 165. ಸಾಂಬಾರ್ ಪುಡಿ ಮೂರು ಚಮಚ, 45. ಹುಣಸೆಹಣ್ಣು, ಬೆಲ್ಲ ಎರಡೂ ಸೇರಿ 60. ಒಗ್ಗರಣೆಗೆ ಎರಡು ಟೀ ಚಮಚ ಎಣ್ಣೆ, 80. ಎಲ್ಲ ಕೂಡಿದರೆ 770.

ಇದನ್ನು ಎಷ್ಟು ಬಟ್ಟಲು ಅಂತ ಹೇಗೆ ತಿಳಿಯುವುದು? ಕುಕ್ಕರಿನಿಂದ ಬಡಿಸುವ ಪಾತ್ರೆಗೆ ವರ್ಗಾಯಿಸುವಾಗ ಸೌಟನ್ನು ಎಣಿಸಿದೆವು. ಆ ಸೌಟಿನಲ್ಲಿ ಎರಡು ಹಾಕಿದರೆ ನಮ್ಮ ಬಟ್ಟಲು ತುಂಬುತ್ತಿತ್ತು. ಒಟ್ಟು 20 ಸೌಟು, ಅಂದರೆ 10 ಬಟ್ಟಲು, ಒಂದೂವರೆ ಲೀಟರ್. ಬಟ್ಟಲಿಗೆ 77 ಕ್ಯಾಲೊರಿ. ಸೌಟು ಎಣಿಸುವುದು ಒಂದೇ ಒಂದು ದಿನದ ಕೆಲಸ. ಆಮೇಲೆ ಪಾತ್ರೆಯ ಯಾವ ಮಟ್ಟಕ್ಕೆ ಬಂದರೆ 10 ಬಟ್ಟಲು ಅನ್ನುವುದು ಕಣ್ಣಿಗೇ ಗೊತ್ತಾಗುತ್ತದೆ.

ತೆಂಗಿನಕಾಯಿ ಹಾಕದೆ ಮಾಡಿದ ದಿನ ಇದೇ ಬಟ್ಟಲು 60ಕ್ಕೆ ಇಳಿಯುತ್ತದೆ. ನೀರು ಕಡಿಮೆ ಮಾಡಿ ಗಟ್ಟಿಯಾಗಿ 8 ಬಟ್ಟಲಿಗೆ ನಿಲ್ಲಿಸಿದರೆ 96ಕ್ಕೆ ಏರುತ್ತದೆ. ಹೆಚ್ಚು ಕಡಿಮೆ ಈ ಅಳತೆಯೊಳಗೇ ಬಹುತೇಕ ಮನೆಗಳ ಸಾಂಬಾರ್ ಓಡಾಡುತ್ತದೆ. ಒಂದೂವರೆ ಬಟ್ಟಲು ತಿನ್ನುವವರಿಗೆ ತಪ್ಪಾದರೂ 30, 40 ಕ್ಯಾಲೊರಿಯ ತಪ್ಪು. ಅನ್ನದ ಗೋಪುರದ ಮುಂದೆ ಇದು ಏನೂ ಅಲ್ಲ.

ಒಂದು ವಿಷಯ ಮಾತ್ರ ನೆನಪಿರಲಿ. ಬೇಳೆ ತಳಕ್ಕೆ ಇಳಿಯುತ್ತದೆ. ಮೊದಲು ಕೂತವರಿಗೆ ಮೇಲಿನ ತಿಳಿ, ಕೊನೆಗೆ ಕೂತವರಿಗೆ ತಳದ ಗಟ್ಟಿ. ಪ್ರತಿ ಸಲ ಸೌಟು ಆಡಿಸಿ ಬಡಿಸಿದರೆ ಮಾತ್ರ ಬಟ್ಟಲಿಗೆ 77 ಅನ್ನುವ ಲೆಕ್ಕ ನಿಲ್ಲುತ್ತದೆ. ಎಲ್ಲರಿಗಿಂತ ಕೊನೆಗೆ ಊಟ ಮಾಡುವುದು ಚಿಕ್ಕಮ್ಮ. ಅವರ ಬಟ್ಟಲು ಯಾವಾಗಲೂ ಬೇರೆಯವರದ್ದಕ್ಕಿಂತ ಗಟ್ಟಿ, ಅದನ್ನು ಈವರೆಗೆ ಯಾರೂ ಗಮನಿಸಿರಲಿಲ್ಲ.

ಪಲ್ಯದಲ್ಲಿ ತರಕಾರಿಗಿಂತ ಎಣ್ಣೆಯದೇ ಜೋರು

ಪಕ್ಕದ ಮನೆಯ ತಮಿಳು ಮಾಮಿ ಪೊರಿಯಲ್ ಅನ್ನುತ್ತಾರೆ, ನಾವು ಪಲ್ಯ ಅನ್ನುತ್ತೇವೆ. ಬಾಣಲೆಯಲ್ಲಿ ನಡೆಯುವುದು ಎರಡಕ್ಕೂ ಒಂದೇ: ಸಾಸಿವೆ, ಉದ್ದಿನಬೇಳೆ, ಒಣಮೆಣಸಿನಕಾಯಿ, ಕರಿಬೇವು, ತರಕಾರಿ, ಕೊನೆಗೆ ತೆಂಗಿನ ತುರಿ. ಪಟ್ಟಿಯಲ್ಲಿ ಇದು "ತರಕಾರಿ 1 ಬಟ್ಟಲು, 40 ಕ್ಯಾಲೊರಿ" ಅಂತ ಬಂದಿತ್ತು. ತರಕಾರಿಗೆ ಅದು ಧಾರಾಳವಾದ ಲೆಕ್ಕವೇ. ಬೇಯಿಸಿದ ಬೀನ್ಸನ್ನು ಹಾಗೇ ತಿಂದರೆ ಅಷ್ಟೂ ಆಗುವುದಿಲ್ಲ. ಆದರೆ ಬೀನ್ಸ್ ಪಲ್ಯ ಬರೀ ಬೀನ್ಸ್ ಅಲ್ಲ.

ನಾರು ತೆಗೆದು ಹೆಚ್ಚಿದ ಬೀನ್ಸ್ 400 ಗ್ರಾಂ ಇತ್ತು. 100 ಕ್ಯಾಲೊರಿ. ಇನ್ನು ಎಣ್ಣೆ. "ಎಷ್ಟು ಹಾಕ್ತೀರಿ ಚಿಕ್ಕಮ್ಮ?" ಅಂದರೆ, "ಜಾಸ್ತಿ ಏನಿಲ್ಲ ಕಣೇ, ಎರಡು ಚಮಚ" ಅಂದರು. ಆಮೇಲೆ ಎಣ್ಣೆ ಕ್ಯಾನ್ ಎತ್ತಿ, ಚಮಚ ಮುಟ್ಟದೆ, ಬಾಣಲೆಗೆ ಒಂದು ಸುತ್ತು ಸುರಿದರು. ಇಲ್ಲಿ ಯಾರನ್ನೂ ಕೇಳಿ ಪ್ರಯೋಜನವಿಲ್ಲ, ಸುರಿಯುವ ಕೈಗೆ ಚಮಚದ ಲೆಕ್ಕ ಗೊತ್ತಿರುವುದಿಲ್ಲ. ನಾನು ಕ್ಯಾನನ್ನು ಮೊದಲೇ ತೂಕ ಮಾಡಿಟ್ಟಿದ್ದೆ. ಸುರಿದ ಮೇಲೆ ಮತ್ತೆ ಇಟ್ಟಾಗ 27 ಗ್ರಾಂ ಕಡಿಮೆಯಾಗಿತ್ತು. ಒಂದು ಟೀ ಚಮಚ ಎಣ್ಣೆ ನಾಲ್ಕೂವರೆ ಗ್ರಾಂ, 40 ಕ್ಯಾಲೊರಿ. ಹಾಗಾಗಿ ಹೋದದ್ದು ಆರು ಟೀ ಚಮಚ, ಸುಮಾರು 245 ಕ್ಯಾಲೊರಿ.

ಸುಳ್ಳು ಹೇಳಿದರು ಅಂತ ಅಲ್ಲ. ಅವರ ಮನಸ್ಸಿನಲ್ಲಿ ಇದ್ದದ್ದು ಊಟದ ದೊಡ್ಡ ಚಮಚ. ಅದು 15 ಮಿಲಿ, ಮೂರು ಟೀ ಚಮಚಕ್ಕೆ ಸಮ. ಎರಡು ದೊಡ್ಡ ಚಮಚ ಅಂದರೆ ಸರಿಯಾಗಿ ಅಷ್ಟೇ. ಅಡುಗೆಯವರು "ಚಮಚ" ಅಂದಾಗ ಯಾವ ಚಮಚ ಅಂತ ಕೇಳದಿದ್ದರೆ ಲೆಕ್ಕ ಮೂರು ಪಟ್ಟು ತಪ್ಪುತ್ತದೆ.

ತೆಂಗಿನ ತುರಿ 30 ಗ್ರಾಂ, ಒಂದು ಹಿಡಿ. 125 ಕ್ಯಾಲೊರಿ. ಒಗ್ಗರಣೆಯ ಉದ್ದಿನಬೇಳೆಗೆ 15. ಒಟ್ಟು 485. ಬೆಂದ ಮೇಲೆ ಪಲ್ಯ ನಾಲ್ಕು ಬಟ್ಟಲು ಆಯಿತು. ಬಟ್ಟಲಿಗೆ 120.

ಈ 485ನ್ನು ಒಂದು ಸಲ ಬಿಡಿಸಿ ನೋಡಿ. ಅರ್ಧ ಎಣ್ಣೆಯದು. ಕಾಲು ಭಾಗ ತೆಂಗಿನಕಾಯಿಯದು. ಬೀನ್ಸ್‌ನ ಪಾಲು ಐದರಲ್ಲಿ ಒಂದು. ಹೆಸರು ಮಾತ್ರ ಬೀನ್ಸ್ ಪಲ್ಯ. ಯಾವ ತರಕಾರಿ ಅನ್ನುವುದರ ಮೇಲೆ ತಲೆ ಕೆಡಿಸಿಕೊಳ್ಳುವವರು ತುಂಬ ಜನ. ಬೀನ್ಸ್ ಬದಲು ಅಷ್ಟೇ ತೂಕದ ಆಲೂಗಡ್ಡೆ ಹಾಕಿದರೆ ಇಡೀ ಬಾಣಲೆಗೆ 180 ಏರುತ್ತದೆ, ನಿಜ. ಆದರೆ ಎಲೆಕೋಸು, ಹೀರೆಕಾಯಿ, ಸೊಪ್ಪು, ಸೀಮೆಬದನೆ ಇವುಗಳ ನಡುವಿನ ವ್ಯತ್ಯಾಸ ಎಣ್ಣೆ ಕ್ಯಾನ್ ಒಂದು ಕ್ಷಣ ಹೆಚ್ಚು ಬಗ್ಗಿದರೆ ಮುಚ್ಚಿಹೋಗುವಷ್ಟು. ಅದೇ ಪಲ್ಯವನ್ನು ಮೂರು ಟೀ ಚಮಚ ಎಣ್ಣೆಯಲ್ಲಿ ಮಾಡಿದರೆ ಬಟ್ಟಲಿಗೆ 90. ನೀರು ಚಿಮುಕಿಸಿ, ಮುಚ್ಚಳ ಹಾಕಿ ಬೇಯಿಸಿದರೆ ಬಾಣಲೆ ತಳ ಹಿಡಿಯುವುದೂ ಇಲ್ಲ.

ಸೊಪ್ಪಿನ ಪಲ್ಯದಲ್ಲಿ ಇನ್ನೊಂದು ಗುಂಡಿ ಇದೆ. ದೊಡ್ಡ ಕಟ್ಟು ಸೊಪ್ಪು ಬಾಡಿ ಒಂದೂವರೆ ಬಟ್ಟಲಿಗೆ ಇಳಿದುಬಿಡುತ್ತದೆ. ಎಣ್ಣೆ ಮಾತ್ರ ಹಾಕಿದಷ್ಟೇ ಉಳಿಯುತ್ತದೆ. ಸೊಪ್ಪು ಅಲ್ವಾ ಅಂತ ಬಟ್ಟಲಿಗೆ 40 ಬರೆದುಕೊಂಡರೆ, ಮೂರು ಟೀ ಚಮಚ ಎಣ್ಣೆಯ 120 ಆ ಒಂದೂವರೆ ಬಟ್ಟಲಿನಲ್ಲೇ ಕೂತಿರುತ್ತದೆ. ಬೆಂದ ಮೇಲೆ ಕುಗ್ಗುವ ಯಾವ ತರಕಾರಿಗಾದರೂ ಬಟ್ಟಲಿನ ಲೆಕ್ಕವನ್ನು ಬಾಣಲೆ ಇಳಿಸಿದ ಮೇಲೆ ಮಾಡಬೇಕು, ಹಸಿಯಾಗಿದ್ದಾಗ ಅಲ್ಲ.

ಮೊಸರು, ತುಪ್ಪ

ಮೊಸರಿನದು ಬೇಗ ಮುಗಿಯುವ ಲೆಕ್ಕ. ಹಾಲಿನಲ್ಲಿ ಏನಿತ್ತೋ ಮೊಸರಿನಲ್ಲೂ ಹೆಚ್ಚುಕಡಿಮೆ ಅದೇ ಇರುತ್ತದೆ. ಹೆಪ್ಪಾಗುವಾಗ ಹಾಲಿನ ಸಕ್ಕರೆ ಸ್ವಲ್ಪ ಹುಳಿಯಾಗಿ ತಿರುಗುತ್ತದೆ, ಕ್ಯಾಲೊರಿ ಹೇಳಿಕೊಳ್ಳುವಷ್ಟು ಬದಲಾಗುವುದಿಲ್ಲ. ಆದ್ದರಿಂದ ಯಾವ ಹಾಲು ಅಂತ ಪ್ಯಾಕೆಟ್ ನೋಡಿದರೆ ಸಾಕು. 3 ಶೇಕಡಾ ಕೊಬ್ಬಿನ ಟೋನ್ಡ್ ಹಾಲಿನ ಮೊಸರಾದರೆ ನಮ್ಮ ಬಟ್ಟಲಿಗೆ ಸುಮಾರು 90. 6 ಶೇಕಡಾ ಕೊಬ್ಬಿನ ಫುಲ್ ಕ್ರೀಂ ಹಾಲಿನದ್ದಾದರೆ ಸುಮಾರು 135. ಕೆನೆ ತೆಗೆದು ಬೆಣ್ಣೆಗೆ ಅಂತ ಕೂಡಿಡುವ ಮನೆಯಾದರೆ ಅದಕ್ಕಿಂತ ಕಡಿಮೆ, ಆದರೆ ಆ ಕೆನೆ ಒಂದು ದಿನ ತುಪ್ಪವಾಗಿ ಅದೇ ಮನೆಯ ತಟ್ಟೆಗೆ ಬಂದೇ ಬರುತ್ತದೆ. ಅರ್ಧ ಬಟ್ಟಲು ಮೊಸರಿಗೆ ನೀರು ಬೆರೆಸಿ ಎರಡು ಲೋಟ ಮಜ್ಜಿಗೆ ಮಾಡಿದರೂ ಎರಡು ಲೋಟಕ್ಕೂ ಸೇರಿ 45. ಚಿಕ್ಕಮ್ಮನ ಮನೆಯಲ್ಲಿ ಟೋನ್ಡ್ ಹಾಲು, ಅಂಚಿನವರೆಗೆ ಒಂದು ಬಟ್ಟಲು ಮೊಸರು, 90.

ಇನ್ನು ಆ ಪಟ್ಟಿಯಲ್ಲಿ ಇಲ್ಲದೇ ಇದ್ದದ್ದು ತುಪ್ಪ. ಚಿಕ್ಕಪ್ಪ ಮೊದಲ ತುತ್ತಿಗೆ ಬಿಸಿ ಅನ್ನದ ಮೇಲೆ ಒಂದು ಚಮಚ ಹಾಕಿಕೊಳ್ಳುತ್ತಾರೆ. ಕೇಳಿದಾಗ, "ಅದು ಊಟದಲ್ಲಿ ಲೆಕ್ಕ ಇಲ್ಲ, ಅದು ಶಾಸ್ತ್ರಕ್ಕೆ" ಅಂದರು. ಶಾಸ್ತ್ರಕ್ಕೆ 40.

ಕೂಡಿ ನೋಡಿದರೆ

ಅನ್ನ 420, ಒಂದೂವರೆ ಬಟ್ಟಲು ಸಾಂಬಾರ್ 115, ಪಲ್ಯ 120, ಮೊಸರು 90, ತುಪ್ಪ 40. ಒಟ್ಟು 785.

ಪಟ್ಟಿಯ 525ಕ್ಕೂ ಇದಕ್ಕೂ 260 ವ್ಯತ್ಯಾಸ. ಅದು ಎಲ್ಲಿಂದ ಬಂತು ಅಂತ ಈಗ ಬೆರಳಿಟ್ಟು ತೋರಿಸಬಹುದು. ಅನ್ನದ ಗೋಪುರದಿಂದ 140, ಪಲ್ಯದ ಎಣ್ಣೆ ಮತ್ತು ತೆಂಗಿನಕಾಯಿಯಿಂದ 80, ತುಪ್ಪದಿಂದ 40. ಸಾಂಬಾರ್, ಮೊಸರಿನಲ್ಲಿ ಪಟ್ಟಿ ಸರಿಯಾಗಿಯೇ ಇತ್ತು. ಆಪಿನ 1540ರಲ್ಲಿ ತಪ್ಪಿದ್ದು ಅಕ್ಕಿಯ ಒಂದು ಸಾಲು ಮಾತ್ರ, ಅದನ್ನು ಸರಿ ಮಾಡಿದ ತಕ್ಷಣ ಅದೂ 785ಕ್ಕೆ ಬಂದು ನಿಂತಿತು. ಚಿಕ್ಕಪ್ಪ ಫೋನನ್ನು ಹೊಸದಾಗಿ ಕ್ಷಮಿಸಿದವರಂತೆ ಕಣ್ಣಿಗೆ ಹತ್ತಿರ ಹಿಡಿದು ನೋಡಿದರು.

785 ಅನ್ನುವುದನ್ನು ಕಲ್ಲಿನ ಮೇಲೆ ಕೆತ್ತಬೇಡಿ. ಕೋಷ್ಟಕದ ಅಂಕಿಗಳೇ ಸರಾಸರಿ, ಒಂದು ತೆಂಗಿನಕಾಯಿ ಬಲಿತದ್ದು, ಇನ್ನೊಂದು ಎಳೆಯದು. ಬಾಣಲೆಯ ತಳದಲ್ಲಿ ಸ್ವಲ್ಪ ಎಣ್ಣೆ ಉಳಿಯುತ್ತದೆ, ತಟ್ಟೆಯಲ್ಲಿ ನಾಲ್ಕು ಅಗುಳು ಉಳಿಯುತ್ತದೆ. ಇಷ್ಟು ಎಚ್ಚರದಿಂದ ಅಳೆದ ಮೇಲೂ ನಾನು ಅದನ್ನು 700ರಿಂದ 870ರೊಳಗೆ ಅಂತಲೇ ಓದುತ್ತೇನೆ. ಆದರೆ 525 ಅಲ್ಲ, 1540 ಅಂತೂ ಅಲ್ಲವೇ ಅಲ್ಲ ಅಂತ ಧೈರ್ಯವಾಗಿ ಹೇಳಬಹುದು. ಸಾಂಬಾರಿಗೆ ಹಾಕಿದ ಬೆಲ್ಲವನ್ನು ಗ್ರಾಂ ಲೆಕ್ಕದಲ್ಲಿ ಬರೆದು, ಎಣ್ಣೆಯನ್ನು ಅಂದಾಜಿಗೆ ಬಿಡುವವರನ್ನು ನೋಡಿದಾಗ ನನಗೆ ಸ್ವಲ್ಪ ಕಿರಿಕಿರಿ ಆಗುತ್ತದೆ.

ದಿನಾ ತಕ್ಕಡಿ ಹಿಡಿಯಲು ಯಾರಿಂದಲೂ ಆಗುವುದಿಲ್ಲ. ಹಾಗಾಗಿ ಲೆಕ್ಕ ದಾರಿ ತಪ್ಪಿದೆಯೋ ಇಲ್ಲವೋ ಅಂತ ನೋಡಲು ಇನ್ನೊಂದು ದಾರಿ ಇದೆ, ಅದು ತಿಂಗಳ ಸಾಮಾನಿನ ಚೀಟಿ. ಚಿಕ್ಕಮ್ಮನ ಮನೆಗೆ ತಿಂಗಳಿಗೆ 1 ಲೀಟರಿನ ಎಣ್ಣೆ ಪ್ಯಾಕೆಟ್ ಮೂರು ಬರುತ್ತವೆ. ಒಂದು ಲೀಟರ್ ಅಂದರೆ 910 ಗ್ರಾಂ, ಮೂರಕ್ಕೆ 2730. ನಾಲ್ಕು ಜನ, 30 ದಿನ. ಭಾಗಿಸಿದರೆ ಒಬ್ಬರಿಗೆ ದಿನಕ್ಕೆ ಸುಮಾರು 23 ಗ್ರಾಂ, ಐದು ಟೀ ಚಮಚ, 205 ಕ್ಯಾಲೊರಿ. ಈಗ ನೀವು ಬರೆದಿಟ್ಟ ದಿನದ ಲೆಕ್ಕದಲ್ಲಿ ಎಣ್ಣೆ ಒಬ್ಬರಿಗೆ ಎರಡು ಚಮಚ ಅಂತ ಬರುತ್ತಿದ್ದರೆ, ಉಳಿದ ಮೂರು ಚಮಚ ಎಲ್ಲೋ ಬಿಟ್ಟುಹೋಗಿದೆ. ದೋಸೆಗೆ ಹೋಗಿರಬಹುದು, ಸಂಜೆಯ ಬೋಂಡಾಕ್ಕೆ ಹೋಗಿರಬಹುದು. ಕರಿದ ಮೇಲೆ ಉಳಿದ ಎಣ್ಣೆಯನ್ನು ಚೆಲ್ಲುವ ಮನೆಯಾದರೆ ಅಷ್ಟನ್ನು ಕಳೆಯಬೇಕು.

ಅಕ್ಕಿಗೂ ಹಾಗೆಯೇ. ಅವರಲ್ಲಿ ಎರಡು ಹೊತ್ತೂ 2 ಪಾವು, ದಿನಕ್ಕೆ 800 ಗ್ರಾಂ. 25 ಕೆಜಿ ಮೂಟೆ 31 ದಿನ ಬರಬೇಕು. "ಒಂದನೇ ತಾರೀಖಿಗೆ ತಂದರೆ ಮುಂದಿನ ಒಂದನೇ ತಾರೀಖಿಗೆ ಮುಗಿಯುತ್ತೆ" ಅಂದರು ಚಿಕ್ಕಮ್ಮ. ಇಡ್ಲಿ, ದೋಸೆಗೆ ಬೇರೆ ಅಕ್ಕಿ. ಅಲ್ಲಿಗೆ ಪಾವಿನ ಅಳತೆ ಸರಿ ಅಂತಾಯಿತು.

ಈಗ ಚಿಕ್ಕಪ್ಪನ ತಟ್ಟೆಗೆ ಅನ್ನ ಅಂಚಿಗೆ ಸಮ ಮಾಡಿದ ಎರಡು ಬಟ್ಟಲು ಬೀಳುತ್ತದೆ, ಎಣ್ಣೆ ಕ್ಯಾನಿನ ಪಕ್ಕ ಒಂದು ಟೀ ಚಮಚ ಕೂತಿದೆ. ತುಪ್ಪವನ್ನು ಅವರು ಬಿಡಲಿಲ್ಲ, ನಾನೂ ಬಿಡಿ ಅನ್ನಲಿಲ್ಲ. ಲೆಕ್ಕ ಸುಮಾರು 615ಕ್ಕೆ ಇಳಿದಿದೆ. ಅದೇ ನಾಲ್ಕು ಪದಾರ್ಥ, ಅದೇ ಹಳೆಯ ಸ್ಟೀಲ್ ಬಟ್ಟಲು.

ಮೊನ್ನೆ ಫೋನ್ ಮಾಡಿ, "ಇವತ್ತು ಬಿಸಿಬೇಳೆ ಬಾತ್ ಮಾಡಿದ್ದಾಳೆ. ಅನ್ನ ಯಾವುದು, ಸಾಂಬಾರ್ ಯಾವುದು ಅಂತ ಬಟ್ಟಲಲ್ಲಿ ಹೇಗೆ ಬೇರೆ ಮಾಡೋದು?" ಅಂದರು. ಬೇರೆ ಮಾಡಲೇಬೇಡಿ, ಪಾತ್ರೆಗೆ ಹೋದದ್ದನ್ನೆಲ್ಲ ಕೂಡಿ, ಎಷ್ಟು ಬಟ್ಟಲು ಆಯಿತು ನೋಡಿ ಭಾಗಿಸಿ ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಚಿಕ್ಕಮ್ಮನನ್ನು ಕೂಗಿ ಕೇಳಿದ್ದು ಕೇಳಿಸಿತು: "ಲೇ, ಗೋಡಂಬಿ ಹುರಿಯೋದಕ್ಕೆ ತುಪ್ಪ ಎಷ್ಟು ಹಾಕಿದೆ? ಯಾವ ಚಮಚ?"